ಎರಡು ಟೆರಾಬೈಟ್ ಕೇಳಿದ ಕಾಗದ

ಮೊದಲ ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ವಿಭಾಗದ ಪ್ರಾಜೆಕ್ಟ್ ಕ್ಲಬ್ಬಿಗೆ ಕೊಟ್ಟಿರುವ ಡ್ರೈವ್ ತುಂಬಿಹೋಗಿದೆ, ಹೊಸ ವಿಡಿಯೊ ಹಾಕಲು ಆಗುತ್ತಿಲ್ಲ, ಇದರಿಂದ ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗಿದೆ, ಆದ್ದರಿಂದ ದಯವಿಟ್ಟು 2 ಟೆರಾಬೈಟ್ ಜಾಗ ಮಂಜೂರು ಮಾಡಿಸಿಕೊಡಬೇಕು. ಕೆಳಗೆ ಕಾರ್ಯದರ್ಶಿಯ ಸಹಿ, ಪಕ್ಕದಲ್ಲಿ ಕ್ಲಬ್ಬಿನ ಸೀಲು. ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥೆ ಅದನ್ನು ಓದಿ, ಕನ್ನಡಕ ಮೇಲೆತ್ತಿ, ಎದುರಿಗೆ ನಿಂತಿದ್ದ ಏಳನೇ ಸೆಮಿಸ್ಟರ್ ಹುಡುಗಿಯನ್ನು ಕೇಳಿದರು: "ಎರಡು ಟೆರಾಬೈಟ್ ಅಂತ ಬರೆದಿದ್ದೀಯಲ್ಲಮ್ಮ, ಒಂದೂವರೆ ಯಾಕಲ್ಲ? ಮೂರು ಯಾಕಲ್ಲ?"

"ಸುಮ್ನೆ ರೌಂಡ್ ಫಿಗರ್ ಹಾಕಿದ್ವಿ ಮೇಡಂ."

ಆಗ ನಾನು ಅದೇ ವಿಭಾಗದಲ್ಲಿ ಪಾಠ ಮಾಡುತ್ತಿದ್ದೆ. ಕ್ಲಬ್ಬಿನ ಸಂಯೋಜಕ ಅನ್ನುವ ಹೆಸರೂ ನನ್ನದೇ ಆಗಿದ್ದರಿಂದ, ಕಾಗದ ವಾಪಸ್ ಬಂದದ್ದು ನನ್ನ ಮೇಜಿಗೆ. ಎರಡು ವಾರದ ನಂತರ ಅದೇ ಹುಡುಗಿ ಬರೆದ ಎರಡನೇ ಕಾಗದ ಸಿಸ್ಟಮ್ ಅಡ್ಮಿನ್‌ವರೆಗೆ ಹೋಗಿ ಕೆಲಸ ಮಾಡಿಕೊಂಡು ಬಂತು. ಅದರಲ್ಲಿ ಕೇಳಿದ್ದು 2 ಟೆರಾಬೈಟ್ ಅಲ್ಲ, 800 ಜಿಬಿ. ನಡುವಿನ ಆ ಎರಡು ವಾರದಲ್ಲಿ ಆದದ್ದನ್ನು ಹೇಳಬೇಕು.

ಜಾಗ ಯಾಕೆ ಇಷ್ಟು ಬಿಗಿ ಅನ್ನುವುದಕ್ಕೆ ಒಂದು ಹಿನ್ನೆಲೆಯಿದೆ. ಕೆಲವು ವರ್ಷಗಳ ಹಿಂದಿನವರೆಗೆ ಗೂಗಲ್ ತನ್ನ ಶಿಕ್ಷಣ ಸೇವೆಯನ್ನು ಬಳಸುವ ಶಾಲೆ ಕಾಲೇಜುಗಳಿಗೆ ಮಿತಿಯೇ ಇಲ್ಲದ ಜಾಗ ಕೊಟ್ಟಿತ್ತು. ಆಗ ಯಾರೂ ಕಾಗದ ಬರೆಯುತ್ತಿರಲಿಲ್ಲ, ಸುಮ್ಮನೆ ತುಂಬುತ್ತಿದ್ದರು. 2021ರ ಫೆಬ್ರವರಿಯಲ್ಲಿ ಕಂಪನಿ ಈ ಧಾರಾಳಕ್ಕೆ ಕೊನೆ ಹಾಡುವುದಾಗಿ ಹೇಳಿತು. 2022ರ ಜುಲೈನಿಂದ, ಈಗಾಗಲೇ ಸೇವೆಯಲ್ಲಿದ್ದ ಸಂಸ್ಥೆಗಳಿಗೂ ಸೇರಿದಂತೆ, ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂಬ ಲೆಕ್ಕ ಬಂತು. ಅದಕ್ಕೂ ಹೆಚ್ಚು ಬೇಕೆಂದರೆ ಹಣ ಕೊಡಬೇಕು. 100 ಟೆರಾಬೈಟ್ ಅಂದರೆ ಕೇಳಲು ಕೆರೆಯಂತೆ ದೊಡ್ಡದು. ಆದರೆ 4,000 ವಿದ್ಯಾರ್ಥಿಗಳು, 300 ಸಿಬ್ಬಂದಿ ಇರುವ ಕಾಲೇಜಿನಲ್ಲಿ ಹಂಚಿ ನೋಡಿ: ತಲೆಗೆ 23 ಜಿಬಿ. ಮೇಲ್, ಪಾಠದ ಸ್ಲೈಡುಗಳು, ಕೊರೊನಾ ಕಾಲದಲ್ಲಿ ರೆಕಾರ್ಡ್ ಮಾಡಿ ಮರೆತ ಆನ್‌ಲೈನ್ ತರಗತಿಗಳು ಎಲ್ಲವೂ ಅದರೊಳಗೇ. ಕೇಳಿದವರಿಗೆಲ್ಲ 2 ಟೆರಾಬೈಟ್ ಕೊಟ್ಟರೆ ಐವತ್ತನೆಯವರಿಗೆ ಕೆರೆ ಬತ್ತಿರುತ್ತದೆ. ವಿಭಾಗ ಮುಖ್ಯಸ್ಥರಿಗೆ ಈ ಜಾಗ ಕೊಡುವ ಅಧಿಕಾರವೇ ಇಲ್ಲ, ಶಿಫಾರಸು ಮಾಡಬಹುದು ಅಷ್ಟೆ. ಕೊಡುವವರು ಅಡ್ಮಿನ್. ಅವರು ತಮ್ಮ ಕನ್ಸೋಲ್‌ನಲ್ಲಿ ಪ್ರತಿ ಡ್ರೈವಿಗೂ ಮಿತಿ ಎಂಬ ಒಂದು ಸಂಖ್ಯೆ ಹಾಕಿಟ್ಟಿರುತ್ತಾರೆ. ನಮ್ಮ ಕ್ಲಬ್ಬಿನ ಸಂಖ್ಯೆ 200 ಜಿಬಿ ಆಗಿತ್ತು.

ನಾನು ಹುಡುಗಿಗೆ ಮೊದಲು ಹೇಳಿಕೊಟ್ಟದ್ದು ಏಳೂವರೆಯ ಮಗ್ಗಿ. ವಿಡಿಯೊ ಎಷ್ಟು ಜಾಗ ತಿನ್ನುತ್ತದೆ ಎನ್ನುವುದು ಅದರ ಉದ್ದದ ಜೊತೆಗೆ ಬಿಟ್‌ರೇಟ್ ಮೇಲೆ ನಿಂತಿದೆ, ಅಂದರೆ ಪ್ರತಿ ಸೆಕೆಂಡಿಗೆ ಕ್ಯಾಮೆರಾ ಎಷ್ಟು ಮಾಹಿತಿ ಬರೆಯುತ್ತದೆ ಎನ್ನುವುದರ ಮೇಲೆ. ಇದನ್ನು ಅಳೆಯುವುದು ಮೆಗಾಬಿಟ್‌ನಲ್ಲಿ. ಡಿಸ್ಕಿನ ಜಾಗ ಅಳೆಯುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ನಿಮಿಷದ ಲೆಕ್ಕಕ್ಕೆ 60ರಿಂದ ಗುಣಿಸಿ 8ರಿಂದ ಭಾಗಿಸಬೇಕು. ಒಟ್ಟಿಗೆ ಹೇಳುವುದಾದರೆ 7.5ರಿಂದ ಗುಣಿಸಿದರೆ ಸಾಕು. ಬಿಟ್‌ರೇಟ್ ಹುಡುಕುವುದು ಕಷ್ಟವಲ್ಲ. ವಿಂಡೋಸ್‌ನಲ್ಲಿ ವಿಡಿಯೊ ಫೈಲಿನ ಮೇಲೆ ಬಲಗಡೆಯ ಬಟನ್ ಒತ್ತಿ Properties ತೆರೆದು Details ನೋಡಿದರೆ Total bitrate ಎಂದು ಬರೆದಿರುತ್ತದೆ. ಅದು ಕಿಲೋಬಿಟ್‌ನಲ್ಲಿರುತ್ತದೆ, ಸಾವಿರದಿಂದ ಭಾಗಿಸಿಕೊಳ್ಳಬೇಕು.

ಹುಡುಗರ ಫೋನುಗಳಲ್ಲಿ 1080ರ ಗುಣಮಟ್ಟದಲ್ಲಿ ತೆಗೆದ ವಿಡಿಯೊ ಸುಮಾರು 17 ಮೆಗಾಬಿಟ್ ತೋರಿಸಿತು. ಏಳೂವರೆಯಿಂದ ಗುಣಿಸಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 130 ಎಂಬಿ. ಕ್ಲಬ್ಬಿನ ಕ್ಯಾಮೆರಾ 50 ಮೆಗಾಬಿಟ್‌ನಲ್ಲಿ ಬರೆಯುತ್ತದೆ, ನಿಮಿಷಕ್ಕೆ 375 ಎಂಬಿ. ಎಡಿಟ್ ಮಾಡಿ ಮುಗಿಸಿದ ಕೊನೆಯ ವಿಡಿಯೊ 8 ಮೆಗಾಬಿಟ್, ನಿಮಿಷಕ್ಕೆ 60 ಎಂಬಿ. ಈ ಮೂರು ಸಂಖ್ಯೆ ಕೈಗೆ ಬಂದ ಮೇಲೆ ಉಳಿದದ್ದು ಅಂಗಡಿ ಲೆಕ್ಕ.

ಅಂತಿಮ ವರ್ಷದಲ್ಲಿ 24 ತಂಡಗಳು. ಒಂದೊಂದು ತಂಡವೂ ವರ್ಷದುದ್ದಕ್ಕೂ ಲ್ಯಾಬಿನಲ್ಲಿ ಪರೀಕ್ಷೆ ಮಾಡುವಾಗ ಫೋನಿನಲ್ಲಿ ತೆಗೆಯುವ ತುಣುಕುಗಳು ಒಟ್ಟು ಒಂದೂವರೆ ಗಂಟೆ ಎಂದು ಹಿಂದಿನ ವರ್ಷದ ಫೋಲ್ಡರ್ ನೋಡಿ ಅಂದಾಜು ಮಾಡಿದಳು. ಇದಕ್ಕೆ 281 ಜಿಬಿ. ಮೇ ತಿಂಗಳಲ್ಲಿ ಡೆಮೊ ನಡೆದಾಗ ತಂಡಕ್ಕೆ 20 ನಿಮಿಷದಂತೆ ಕ್ಯಾಮೆರಾದಲ್ಲಿ ರೆಕಾರ್ಡಿಂಗ್, ಅದಕ್ಕೆ 180 ಜಿಬಿ. ಐದೈದು ನಿಮಿಷದ ಕೊನೆಯ ವಿಡಿಯೊಗಳಿಗೆ ಬರೀ 7 ಜಿಬಿ. ಒಟ್ಟು 468 ಜಿಬಿ. ಅಂದರೆ ಒಂದು ವರ್ಷಕ್ಕೆ ಅರ್ಧ ಟೆರಾಬೈಟೂ ಇಲ್ಲ. ಲೆಕ್ಕ ಮುಗಿಸಿದ ಹುಡುಗಿಯ ಮುಖದಲ್ಲಿ ಸ್ವಲ್ಪ ನಿರಾಶೆ ಇತ್ತು. ದೊಡ್ಡ ಕಷ್ಟವೆಂದು ಹೇಳಿಕೊಂಡದ್ದು ಚಿಕ್ಕದಾಗಿಬಿಟ್ಟರೆ ಹಾಗಾಗುತ್ತದೆ.

ಹಾಗಾದರೆ ವರ್ಷ ಶುರುವಾಗುವ ಮೊದಲೇ 200 ಜಿಬಿ ತುಂಬಿದ್ದು ಹೇಗೆ? ಡ್ರೈವ್ ತೆರೆದು ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ ಕೂತೆವು. ಮೊದಲ ಪುಟದಲ್ಲೇ ಕತೆ ಗೊತ್ತಾಯಿತು. ಒಂದೇ ಪ್ರಾಜೆಕ್ಟಿನ final.mp4, final_new.mp4, final_last.mp4, final_last_new.mp4 ಎಂಬ ನಾಲ್ಕು ವಿಡಿಯೊ. ಎಡಿಟ್ ಮಾಡುವವರು ಒಂದು ಅಕ್ಷರ ತಿದ್ದಿದರೂ ಇಡೀ ವಿಡಿಯೊ ಮತ್ತೆ ಹೊರತೆಗೆದು ಹಾಕಿದ್ದಾರೆ, ಹಳೆಯದನ್ನು ಅಳಿಸಿಲ್ಲ. ಇನ್ನು ಕೆಲವರು ಅದೇ ತುಣುಕನ್ನು ತಂತಮ್ಮ ಹೆಸರಿನ ಫೋಲ್ಡರಿನಲ್ಲಿ ನಕಲು ಮಾಡಿ ಇಟ್ಟುಕೊಂಡಿದ್ದಾರೆ. ಒಬ್ಬ ಮಹಾಶಯ ಫೋನಿನ ಇಡೀ ಗ್ಯಾಲರಿಯನ್ನೇ ಎತ್ತಿ ಹಾಕಿದ್ದ, ಅದರಲ್ಲಿ ಅಕ್ಕನ ಮದುವೆಯ ರಿಸೆಪ್ಶನ್ನೂ ಇತ್ತು. ಅಳಿಸಿದ್ದೇವೆ ಎಂದುಕೊಂಡಿದ್ದ ಫೈಲುಗಳು ಕೂಡ ಜಾಗ ಹಿಡಿದುಕೊಂಡೇ ಇದ್ದವು, ಏಕೆಂದರೆ ಇಂಥ ಡ್ರೈವಿನಲ್ಲಿ ಅಳಿಸಿದ ಫೈಲು 30 ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತದೆ ಮತ್ತು ಅಲ್ಲಿಯವರೆಗೆ ಲೆಕ್ಕಕ್ಕೂ ಸೇರುತ್ತದೆ. ನಕಲು, ಮದುವೆ, ಕಸ ಮೂರನ್ನೂ ತೆಗೆದ ಮೇಲೆ ಡ್ರೈವಿನ ಮೂರನೇ ಒಂದು ಭಾಗ ಖಾಲಿಯಾಯಿತು.

ಇದಕ್ಕಿಂತ ಗಂಭೀರವಾದದ್ದು ಆಮೇಲೆ ಕಣ್ಣಿಗೆ ಬಿತ್ತು. ಹಿಂದಿನ ವರ್ಷದ ಆರು ತಂಡಗಳ ಫೋಲ್ಡರೇ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಆ ತಂಡಗಳು ವಿಡಿಯೊಗಳನ್ನು ಕ್ಲಬ್ಬಿನ ಡ್ರೈವಿಗೆ ಹಾಕದೆ, ತಮ್ಮಲ್ಲೊಬ್ಬನ ಕಾಲೇಜು ಖಾತೆಯ ಫೋಲ್ಡರಿನಲ್ಲಿಟ್ಟು ಎಲ್ಲರಿಗೂ ಲಿಂಕ್ ಕಳಿಸಿದ್ದವು. ಲಿಂಕ್ ಇದ್ದಾಗ ಎಲ್ಲರಿಗೂ ಕಾಣುತ್ತದೆ, ಎಲ್ಲರದ್ದು ಅನ್ನಿಸುತ್ತದೆ. ಆದರೆ ಯಾರ ಖಾತೆಯಿಂದ ಹಾಕಿದರೋ ಫೈಲು ಅವರದ್ದೇ. ಹುಡುಗರು ಪಾಸಾಗಿ ಹೋದರು, ಆಗಸ್ಟಿನಲ್ಲಿ ಅವರ ಖಾತೆ ಮುಚ್ಚಿದರು, ವಿಡಿಯೊಗಳೂ ಅದರ ಜೊತೆ ಹೋದವು. ಖಾತೆ ಅಳಿಸಿದ ಮೇಲೆ ಅಡ್ಮಿನ್‌ಗೆ ಅದನ್ನು ವಾಪಸ್ ತರಲು ಇರುವುದು 20 ದಿನ. ನಾವು ನೋಡುವ ಹೊತ್ತಿಗೆ ಆ ಗಡುವು ಮುಗಿದು ಎಷ್ಟೋ ದಿನವಾಗಿತ್ತು. ಶೇರ್ಡ್ ಡ್ರೈವ್ ಎನ್ನುವುದು ಬೇರೆಯೇ ವ್ಯವಸ್ಥೆ. ಅದರೊಳಗೆ ಬಿದ್ದ ಫೈಲು ಹಾಕಿದವನದ್ದಾಗಿ ಉಳಿಯುವುದಿಲ್ಲ, ಸಂಸ್ಥೆಯದ್ದಾಗುತ್ತದೆ. ಹುಡುಗ ಹೋದರೂ ಫೈಲು ಇರುತ್ತದೆ. ಬಾಡಿಗೆಯವನು ಗೋಡೆಗೆ ಹೊಡೆದ ಮೊಳೆಯ ಹಾಗೆ.

ಈ ಆರು ಫೋಲ್ಡರಿನ ವಿಷಯ ಕೇಳಿದಾಗ ಮುಖ್ಯಸ್ಥೆಯ ಧ್ವನಿ ಬದಲಾಯಿತು. ಅಲ್ಲಿಯವರೆಗೆ ಇದು ಹುಡುಗರ ಜಾಗದ ತಾಪತ್ರಯ. ಆದರೆ ಮಾನ್ಯತೆ ಕೊಡುವ ಎನ್‌ಬಿಎ, ನ್ಯಾಕ್ ತಂಡಗಳು ಬಂದಾಗ ಹಿಂದಿನ ವರ್ಷಗಳ ಪ್ರಾಜೆಕ್ಟುಗಳಿಗೆ ಸಾಕ್ಷಿ ಕೇಳುವುದು ವಿಭಾಗವನ್ನು. ವರದಿಯ ಪುಸ್ತಕವಿದೆ ಸರಿ, ಯಂತ್ರ ನಡೆದದ್ದು ಎಲ್ಲಿದೆ? ಕಾಗದದಲ್ಲಿ ಇದೇ ಮೊದಲ ಸಾಲಾಗಬೇಕಿತ್ತು. ತಮಗೆ ತೊಂದರೆಯಾಗಿದೆ ಎಂದು ಬರೆದ ಕಾಗದ ಮೇಜಿನ ಮೇಲೆ ಕೂರುತ್ತದೆ, ನಿಮ್ಮ ದಾಖಲೆ ಕಳೆದಿದೆ ಎಂದು ಬರೆದ ಕಾಗದ ಅದೇ ಸಂಜೆ ನಡೆಯುತ್ತದೆ. ಆಡಳಿತದಲ್ಲಿ ಸ್ವಲ್ಪ ಕಾಲ ಕಳೆದ ಯಾರಿಗೂ ಇದು ಗೊತ್ತು, ಇಪ್ಪತ್ತೊಂದರ ಹುಡುಗಿಗೆ ಹೇಗೆ ಗೊತ್ತಿರಬೇಕು?

ಮುಂದಿನ ಪ್ರಶ್ನೆ, ಆ 468 ಜಿಬಿಯಲ್ಲಿ ವರ್ಷ ಮುಗಿದ ಮೇಲೆ ಎಷ್ಟು ಉಳಿಸಬೇಕು ಎನ್ನುವುದು. ಎಲ್ಲವನ್ನೂ ಎನ್ನುವುದು ಸುಲಭದ ಉತ್ತರ. ಆದರೆ ಒಂದೂವರೆ ಗಂಟೆಯ ಪರೀಕ್ಷಾ ತುಣುಕುಗಳಲ್ಲಿ ಬಹುಪಾಲು ಮೋಟಾರು ತಿರುಗದೆ ಕೂತದ್ದು, ಯಾರೋ ವೈರ್ ಹುಡುಕುತ್ತಿದ್ದದ್ದು. ಪ್ರತಿ ತಂಡವೂ ತನ್ನ ಗೈಡ್ ಜೊತೆ ಕೂತು ಹತ್ತು ನಿಮಿಷದಷ್ಟನ್ನು ಆರಿಸಲಿ, ಅದರಲ್ಲಿ ಕೆಟ್ಟುಹೋದ ಒಂದು ಪರೀಕ್ಷೆಯಾದರೂ ಇರಲಿ ಎಂದು ನಿರ್ಧಾರವಾಯಿತು. ಮುಂದಿನ ವರ್ಷದವರಿಗೆ ಗೆದ್ದ ವಿಡಿಯೊಗಿಂತ ಸುಟ್ಟ ಡ್ರೈವರ್ ಬೋರ್ಡಿನ ವಿಡಿಯೊ ಹೆಚ್ಚು ಪ್ರಯೋಜನ. ಹೀಗೆ 281 ಜಿಬಿ 31ಕ್ಕೆ ಇಳಿಯಿತು.

ಡೆಮೊ ರೆಕಾರ್ಡಿಂಗನ್ನು ಕತ್ತರಿಸುವ ಹಾಗಿಲ್ಲ, ಪ್ರಶ್ನೋತ್ತರವೆಲ್ಲ ಅದರಲ್ಲೇ ಇದೆ. ಅದನ್ನು ಕುಗ್ಗಿಸಬಹುದು. ವಿಡಿಯೊ ಕುಗ್ಗುವುದು ಹೇಗೆಂದರೆ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬದಲಾದಷ್ಟನ್ನು ಮಾತ್ರ ಬರೆದಿಟ್ಟುಕೊಳ್ಳುವುದರಿಂದ. ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತ ಕ್ಯಾಮೆರಾ, ಹಿಂದೆ ಬಿಳಿ ಗೋಡೆ, ಮುಂದೆ ಮಾತಾಡುವ ಇಬ್ಬರು: ಬದಲಾಗುವುದು ಬಹಳ ಕಡಿಮೆ, ಹಾಗಾಗಿ ಚೆನ್ನಾಗಿ ಕುಗ್ಗುತ್ತದೆ. ಗಾಳಿಗೆ ಅಲ್ಲಾಡುವ ತೆಂಗಿನ ಗರಿ ಅಥವಾ ಕೈಯಲ್ಲಿ ಹಿಡಿದು ಓಡಾಡುತ್ತ ತೆಗೆದದ್ದಾದರೆ ಪ್ರತಿ ಚಿತ್ರವೂ ಹೊಸದು, ಕುಗ್ಗಿಸಿದರೆ ಕಲಸಿದ ಹಾಗಾಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 50 ಮೆಗಾಬಿಟ್‌ನ ಡೆಮೊವನ್ನು 8ಕ್ಕೆ ಇಳಿಸಿದರೆ 180 ಜಿಬಿ 29 ಆಗುತ್ತದೆ. ಮುಖಗಳು ಹಾಗೇ ಕಾಣುತ್ತವೆ, ಮಾತು ಹಾಗೇ ಕೇಳುತ್ತದೆ. ಕೆಡುವುದು ಸಣ್ಣ ವಿವರ. ಅದನ್ನು ಕಂಡುಹಿಡಿಯಲು ನಮ್ಮದೊಂದು ಪರೀಕ್ಷೆಯಿತ್ತು: ಮಲ್ಟಿಮೀಟರಿನ ಪರದೆ ಕಾಣುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಅಂಕಿಗಳನ್ನು ಗಟ್ಟಿಯಾಗಿ ಓದುವುದು. 3ನ್ನು 8 ಎಂದು ಓದಿದರೆ ಇನ್ನೂ ಸ್ವಲ್ಪ ಹೆಚ್ಚು ಬಿಟ್‌ರೇಟ್ ಕೊಟ್ಟು ಮತ್ತೆ ಮಾಡಬೇಕು. ಈ ಓದು ಮುಗಿಯುವ ಮೊದಲು ಮೂಲ ಫೈಲನ್ನು ಯಾರೂ ಅಳಿಸಬಾರದು.

ಹೀಗೆ 468 ಜಿಬಿಯ ವರ್ಷದಿಂದ ಉಳಿಯುವುದು 67 ಜಿಬಿ. ಮೂರು ವರ್ಷದ್ದು ಡ್ರೈವಿನಲ್ಲೇ ಇರಲಿ ಎಂದರೆ 200 ಜಿಬಿ ಚಿಲ್ಲರೆ. ನಡೆಯುತ್ತಿರುವ ವರ್ಷದ ಕೆಲಸಕ್ಕೆ 468. ಸೇರಿಸಿದರೆ 670. ಅಂದಾಜು ತಪ್ಪಬಹುದಾದದ್ದಕ್ಕೆ ಐದನೇ ಒಂದು ಭಾಗ ಹೆಚ್ಚಿಗೆ. 800 ಜಿಬಿ ಬಂದದ್ದು ಹೀಗೆ.

ಎರಡನೇ ಕಾಗದವೂ ಇಂಗ್ಲಿಷಿನಲ್ಲೇ ಇತ್ತು, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಾಗೇ. ಅದನ್ನು ಕನ್ನಡದಲ್ಲಿ ಬರೆದಿದ್ದರೆ ಹೀಗಿರುತ್ತಿತ್ತು:

ಇವರಿಂದ: ಕಾರ್ಯದರ್ಶಿ, ವಿದ್ಯಾರ್ಥಿ ಪ್ರಾಜೆಕ್ಟ್ ಕ್ಲಬ್
ಇವರಿಗೆ: ಮುಖ್ಯಸ್ಥರು, ಎಲೆಕ್ಟ್ರಾನಿಕ್ಸ್ ವಿಭಾಗ
ಮೂಲಕ: ಕ್ಲಬ್ ಸಂಯೋಜಕರು

ವಿಷಯ: ಪ್ರಾಜೆಕ್ಟ್ ವಿಡಿಯೊಗಳ ಶೇರ್ಡ್ ಡ್ರೈವ್ ಮಿತಿಯನ್ನು 200 ಜಿಬಿಯಿಂದ 800 ಜಿಬಿಗೆ ಏರಿಸುವ ಬಗ್ಗೆ

ಮಾನ್ಯರೆ,

ಕಳೆದ ವರ್ಷದ 24 ಪ್ರಾಜೆಕ್ಟುಗಳಲ್ಲಿ ಆರರ ವಿಡಿಯೊಗಳು ವಿಭಾಗದ ಬಳಿ ಇಲ್ಲ. ಅವು ವಿದ್ಯಾರ್ಥಿಗಳ ಸ್ವಂತ ಖಾತೆಯಲ್ಲಿದ್ದು, ಖಾತೆ ಮುಚ್ಚಿದಾಗ ಅಳಿಸಿಹೋಗಿವೆ. ಕ್ಲಬ್ಬಿನ ಡ್ರೈವಿನಲ್ಲಿ ಜಾಗವಿಲ್ಲದ್ದು ಇದಕ್ಕೆ ಒಂದು ಕಾರಣ.

ಈಗಿರುವ 200 ಜಿಬಿಯನ್ನು ಪರಿಶೀಲಿಸಿ ನಕಲು ಫೈಲುಗಳನ್ನು ತೆಗೆದಿದ್ದೇವೆ. ಆದರೂ ಈ ವರ್ಷದ ಕೆಲಸಕ್ಕೆ 468 ಜಿಬಿ, ಮೂರು ವರ್ಷದ ದಾಖಲೆಗೆ 202 ಜಿಬಿ, ಒಟ್ಟು 670 ಜಿಬಿ ಬೇಕಾಗುತ್ತದೆ. ಲೆಕ್ಕದ ಹಾಳೆ ಲಗತ್ತಿಸಿದೆ. ಹೆಚ್ಚುವರಿ ಅಂದಾಜು ಸೇರಿಸಿ 800 ಜಿಬಿ ಕೋರುತ್ತೇವೆ.

ಪರೀಕ್ಷಾ ತುಣುಕುಗಳನ್ನು 4ಕೆ ಬದಲು 1080ರಲ್ಲೇ ತೆಗೆಯುತ್ತೇವೆ. ಫಲಿತಾಂಶ ಬಂದ ಮೂವತ್ತು ದಿನದೊಳಗೆ ಗೈಡ್ ಸಹಿ ಪಡೆದು ಆಯ್ದ ಭಾಗ ಬಿಟ್ಟು ಉಳಿದದ್ದನ್ನು ಅಳಿಸುತ್ತೇವೆ. ಮೂರು ವರ್ಷಕ್ಕಿಂತ ಹಳೆಯದನ್ನು ಎರಡು ಹೊರ ಡಿಸ್ಕುಗಳಿಗೆ ನಕಲಿಸಿ, ಒಂದನ್ನು ವಿಭಾಗದಲ್ಲೂ ಇನ್ನೊಂದನ್ನು ಗ್ರಂಥಾಲಯದಲ್ಲೂ ಇಡಲು ಅನುಮತಿ ಕೋರುತ್ತೇವೆ.

ಡ್ರೈವಿನ Manager ಆಗಿ ಇಬ್ಬರು ಅಧ್ಯಾಪಕರನ್ನು ನೇಮಿಸಬೇಕು, ವಿದ್ಯಾರ್ಥಿಗಳೆಲ್ಲರಿಗೂ Contributor ಅಧಿಕಾರ ಸಾಕು ಎಂದು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)

ಆ ಕೊನೆಯ ವಿನಂತಿ ನಾನು ಹೇಳಿಕೊಟ್ಟದ್ದಲ್ಲ, ಅವಳೇ ಸೇರಿಸಿದ್ದು. Contributor ಆದವರು ಫೈಲು ಹಾಕಬಹುದು, ತಿದ್ದಬಹುದು. ಅಳಿಸಲಾರರು, ಬೇರೆಡೆಗೆ ಸರಿಸಲಾರರು. ಕಾರ್ಯದರ್ಶಿ ತನ್ನ ಕೈಯನ್ನೂ ತಾನೇ ಕಟ್ಟಿಕೊಂಡಂತಾಯಿತು. ಯಾಕಮ್ಮ ಎಂದರೆ, "ಎಕ್ಸಾಮ್ ಟೈಮಲ್ಲಿ ರಾತ್ರಿ ಎರಡು ಗಂಟೆಗೆ ಕೂತು ಏನಾದ್ರೂ ಡಿಲೀಟ್ ಮಾಡಿಬಿಡ್ತೀನಿ ಸರ್, ನನಗೇ ನನ್ನ ಮೇಲೆ ನಂಬಿಕೆ ಇಲ್ಲ" ಎಂದಳು.

4ಕೆ ಬೇಡವೆಂದ ಸಾಲೂ ಸುಮ್ಮನೆ ಬಂದದ್ದಲ್ಲ. ಫೋನಿನಲ್ಲಿ ಎಲ್ಲದರ ಜೊತೆ ಹೊಂದುವ ಹಳೆಯ ಸ್ವರೂಪದಲ್ಲಿ 4ಕೆ ತೆಗೆದರೆ ನಿಮಿಷಕ್ಕೆ ಸುಮಾರು 350 ಎಂಬಿ. ಎಲ್ಲ ತಂಡಗಳೂ ಹಾಗೆ ಮಾಡಿದರೆ ಆ 281 ಜಿಬಿ 750 ದಾಟಿ, ಮಂಜೂರಾದ ಜಾಗ ಪೂರ್ತಿ ಒಂದೇ ಬಾಬತ್ತಿಗೆ ಹೋಗುತ್ತದೆ. ಬ್ರೆಡ್‌ಬೋರ್ಡಿನ ಮೇಲೆ ಎಲ್‌ಇಡಿ ಮಿಣುಕುವುದನ್ನು ನೋಡಲು ಅಷ್ಟು ಬೇಕಿಲ್ಲ.

ಹೊರ ಡಿಸ್ಕಿನ ಬಗ್ಗೆ ಮುಖ್ಯಸ್ಥೆ ಎರಡು ಮಾತು ಸೇರಿಸಿದರು. ಬೀರುವಿನಲ್ಲಿಟ್ಟ ಡಿಸ್ಕು ಹೇಳದೇ ಕೇಳದೇ ಸಾಯುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಜೋಡಿಸಿ ಕೆಲವು ಫೈಲುಗಳನ್ನು ತೆರೆದು ನೋಡಿ, ನೋಡಿದ ದಿನಾಂಕವನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯಬೇಕು. ಎರಡನೆಯದಾಗಿ, ಡಿಸ್ಕಿನ ಪೆಟ್ಟಿಗೆ ಮೇಲೆ 2 ಟೆರಾಬೈಟ್ ಎಂದಿದ್ದರೂ ಕಂಪ್ಯೂಟರಿನಲ್ಲಿ 1.81 ಎಂದು ಕಂಡರೆ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬಾರದು. ಕಂಪನಿ ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1,024ರ ಲೆಕ್ಕದಲ್ಲಿ. ಹಿಂದೊಮ್ಮೆ ಇದೇ ಕಾರಣಕ್ಕೆ ಒಂದು ಬಿಲ್ಲು ಆಡಿಟ್‌ನಲ್ಲಿ ಎರಡು ತಿಂಗಳು ನಿಂತಿತ್ತಂತೆ.

ಕಾಗದ ಅಡ್ಮಿನ್ ಬಳಿ ಹೋದಾಗ ಅವರು ಮೊದಲು ಕೇಳಿದ್ದು ಜಾಗದ ಬಗ್ಗೆ ಅಲ್ಲ, ಅಪ್‌ಲೋಡ್ ಬಗ್ಗೆ. ಡೆಮೊ ದಿನದ 180 ಜಿಬಿಯನ್ನು ಎಲ್ಲಿಂದ ಹಾಕುತ್ತೀರಿ? 100 ಮೆಗಾಬಿಟ್‌ನ ಲೈನು ಪೂರ್ತಿ ಸಿಕ್ಕರೂ ಅದಕ್ಕೆ ನಾಲ್ಕು ಗಂಟೆ ಬೇಕು. ಹಾಸ್ಟೆಲಿನ ವೈಫೈನಲ್ಲಿ 10 ಮೆಗಾಬಿಟ್ ಸಿಕ್ಕರೆ 40 ಗಂಟೆ, ಅಷ್ಟರಲ್ಲಿ ಲ್ಯಾಪ್‌ಟಾಪ್ ನಿದ್ದೆಹೋಗಿ ನಡುವೆ ನಿಂತಿರುತ್ತದೆ. ಅದಕ್ಕೇ ಲ್ಯಾಬಿನ ವೈರ್ ಇರುವ ಒಂದು ಪೋರ್ಟನ್ನು ಸಂಜೆ ಏಳರ ನಂತರ ಕ್ಲಬ್ಬಿಗೆ ಬಿಟ್ಟುಕೊಟ್ಟರು. ಜಾಗದ ವಿಷಯದಲ್ಲಿ ಅವರದ್ದು ಇನ್ನೊಂದು ಜಾಣತನ. ಮಿತಿ ಎನ್ನುವುದು ತಾವು ಯಾವಾಗ ಬೇಕಾದರೂ ಬದಲಿಸಬಹುದಾದ ಸಂಖ್ಯೆ. ಏಪ್ರಿಲ್‌ವರೆಗೆ 500 ಸಾಕು, ಡೆಮೊಗೆ ಹದಿನೈದು ದಿನ ಮುಂಚೆ 800 ಮಾಡುತ್ತೇನೆ, ನೆನಪಿಸಿ ಎಂದರು. ಆ ಷರತ್ತನ್ನು ಮುಖ್ಯಸ್ಥೆ ಕಾಗದದ ಅಂಚಿನಲ್ಲಿ ಹಸಿರು ಇಂಕಿನಲ್ಲಿ ಬರೆದು ಸಹಿ ಹಾಕಿದರು.

ಹೋಗುವಾಗ ಅಡ್ಮಿನ್ ಒಂದು ಫೈಲಿನತ್ತ ಬೆರಳು ತೋರಿಸಿದರು. 14 ಜಿಬಿಯ ಅದೊಂದನ್ನು ನಾವು ಯಾವ ಪ್ರಾಜೆಕ್ಟಿನದ್ದೆಂದು ಗೊತ್ತಾಗದೆ ಬಿಟ್ಟಿದ್ದೆವು. ತೆರೆದರೆ ಲ್ಯಾಬಿನ ಖಾಲಿ ಬೆಂಚು, ಮೇಲೆ ತಿರುಗುವ ಫ್ಯಾನು. ಯಾರೋ ಕ್ಯಾಮೆರಾ ನಿಲ್ಲಿಸುವುದನ್ನು ಮರೆತು ಊಟಕ್ಕೆ ಹೋಗಿದ್ದಾರೆ. ಮೂವತ್ತೇಳು ನಿಮಿಷ. ಹುಡುಗಿ ಮನಸ್ಸಿನಲ್ಲೇ 375ರಿಂದ ಗುಣಿಸಿ, "ಹೌದು ಸರ್, ಹದಿನಾಲ್ಕು ಸರಿಯಾಗಿದೆ" ಎಂದಳು.